ಫೇಸ್ ಡಯಾಗ್ರಾಂ ಓದುವಾಗ ಮೊದಲು ಕೇಳಬೇಕಾದ್ದು: ಇದು ಯಾರ ಒತ್ತಡ?

ನೀರಿನ ಫೇಸ್ ಡಯಾಗ್ರಾಂ ನೋಡಲು ಸುಲಭ. ಅಡ್ಡಕ್ಕೆ ಉಷ್ಣತೆ, ಮೇಲಕ್ಕೆ ಒತ್ತಡ, ನಡುವೆ ಒಂದು ಕಡೆ ಸೇರುವ ಮೂರು ಗೆರೆ. ಎಡಕ್ಕೆ ಮಂಜುಗಡ್ಡೆ, ನಡುವೆ ಮೇಲೆ ನೀರು, ಕೆಳಗೆ ಬಲಕ್ಕೆ ಆವಿ. ಪರೀಕ್ಷೆಯಲ್ಲಿ ಚಿತ್ರ ಬರೆದು ಹೆಸರು ಹಾಕಿದರೆ ಅಂಕ ಸಿಗುತ್ತದೆ. ಆದರೆ ಅದನ್ನು ನಿಜವಾಗಿ ಓದಲು ಕೂತರೆ ಬೇಗನೆ ಒಂದು ಕಡೆ ಸಿಕ್ಕಿಹಾಕಿಕೊಳ್ಳುತ್ತೇವೆ.

ಕಾಸರಗೋಡಿನ ಈ ಕಡೆ ಹತ್ತನೇ ತನಕ ಕನ್ನಡದಲ್ಲಿ ಓದಿ, ಪ್ಲಸ್ ವನ್‌ನಲ್ಲಿ ದಿಢೀರನೆ ಇಂಗ್ಲಿಷ್ ಪುಸ್ತಕ ಹಿಡಿದ ಮಕ್ಕಳಿಗೆ ನಾನು ಸಂಜೆ ಪಾಠ ಹೇಳುತ್ತೇನೆ. ಈ ಚಿತ್ರ ಬಂದಾಗಲೆಲ್ಲ ಯಾರಾದರೂ ಒಬ್ಬರು ಕೇಳುವ ಪ್ರಶ್ನೆ ಇದು: "ಮಾಷ್ಟ್ರೇ, 30 ಡಿಗ್ರಿಗೆ, ನಮ್ಮ ಗಾಳಿಯ ಒತ್ತಡಕ್ಕೆ ಬೆರಳಿಟ್ರೆ ನೀರು ಅಂತ ಮಾತ್ರ ಉಂಟು. ಹಾಗಾದ್ರೆ ಅಂಗಳದಲ್ಲಿ ಬಟ್ಟೆ ಒಣಗುದು ಹೇಗೆ?"

ತುಂಬ ಒಳ್ಳೆಯ ಪ್ರಶ್ನೆ. ಉತ್ತರ ಚಿತ್ರದೊಳಗೇ ಇದೆ. ಆದರೆ ಅಲ್ಲಿಗೆ ತಲುಪಬೇಕಾದರೆ ಚಿತ್ರವನ್ನು ಒಮ್ಮೆ ನೀವೇ ಬರೆಯಬೇಕು.

ಮೊದಲು ಅಳತೆಗೆ ಸರಿಯಾಗಿ ಬರೆಯಿರಿ

ಪುಸ್ತಕದ ಚಿತ್ರ ಅಳತೆಗೆ ಬರೆದದ್ದಲ್ಲ. ಹಾಗೆ ಬರೆಯಲು ಆಗುವುದೂ ಇಲ್ಲ. ಗಾಳಿಯ ಸಾಮಾನ್ಯ ಒತ್ತಡ, ಅಂದರೆ ಒಂದು ವಾಯುಭಾರ, 1,01,325 ಪಾಸ್ಕಲ್. ಅದನ್ನು ಹಾಳೆಯಲ್ಲಿ 10 ಸೆಂಟಿಮೀಟರ್ ಎತ್ತರಕ್ಕೆ ಗುರುತು ಮಾಡಿದಿರಿ ಎಂದಿಟ್ಟುಕೊಳ್ಳಿ. ಮೂರು ಗೆರೆ ಸೇರುವ ತ್ರಿಬಿಂದುವಿನ ಒತ್ತಡ 611 ಪಾಸ್ಕಲ್ ಮಾತ್ರ, ಅಂದರೆ ತಳದಿಂದ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಮೇಲೆ. ಪೆನ್ಸಿಲ್ ಗೆರೆಯ ದಪ್ಪದಲ್ಲೇ ಅದು ಮುಳುಗಿಹೋಗುತ್ತದೆ. ನೀರು–ಆವಿ ಗೆರೆ ಕೊನೆಯಾಗುವ ಕ್ರಿಟಿಕಲ್ ಪಾಯಿಂಟ್‌ನ ಒತ್ತಡ ಸುಮಾರು 2.2 ಕೋಟಿ ಪಾಸ್ಕಲ್. ಅದನ್ನು ಗುರುತು ಮಾಡಲು ಸುಮಾರು 22 ಮೀಟರ್ ಮೇಲೆ ಹೋಗಬೇಕು, ಒಳ್ಳೆ ಎತ್ತರದ ತೆಂಗಿನ ಮರದ ತುದಿಗೆ. ಅದಕ್ಕೇ ಪುಸ್ತಕದವರು ಕೆಲವು ಕಡೆ ಹಿಗ್ಗಿಸಿ, ಕೆಲವು ಕಡೆ ಕುಗ್ಗಿಸಿ ಬರೆಯುತ್ತಾರೆ. ಹೆಸರು ಹಾಕಲು ಆ ಚಿತ್ರ ಸಾಕು. ಅಂಕಿ ಓದಲು ಸಾಲದು.

ದಾರಿ ಒಂದಿದೆ. ಒತ್ತಡದ ಅಕ್ಷದಲ್ಲಿ ಪ್ರತಿ 3 ಸೆಂಟಿಮೀಟರಿಗೆ ಒತ್ತಡ ಹತ್ತು ಪಟ್ಟು ಆಗುವಂತೆ ಗುರುತು ಹಾಕುವುದು. ತಳದಲ್ಲಿ 10 ಪಾಸ್ಕಲ್, 3 ಸೆಂಟಿಮೀಟರಿಗೆ 100, 6ಕ್ಕೆ 1,000, 9ಕ್ಕೆ 10,000, 12ಕ್ಕೆ 1,00,000, 15ಕ್ಕೆ 10,00,000. ಇದು ಲಾಗ್ ಅಳತೆ. ಅದಕ್ಕೆ ಬೇರೆ ಹಾಳೆ ತರಬೇಕೆಂದಿಲ್ಲ, ಮಾಮೂಲಿ ಗ್ರಾಫ್ ಹಾಳೆ ಸಾಕು. ಅಡ್ಡ ಅಕ್ಷದಲ್ಲಿ ಎಡತುದಿ ಮೈನಸ್ 40 ಡಿಗ್ರಿ, ಬಲತುದಿ 120 ಡಿಗ್ರಿ, 10 ಡಿಗ್ರಿಗೆ ಒಂದು ಸೆಂಟಿಮೀಟರ್. ಈಗ ಕೆಳಗಿನ ಬಿಂದುಗಳನ್ನು ಹಾಕಿ. ಎತ್ತರವನ್ನು ನಾನೇ ಲೆಕ್ಕ ಮಾಡಿ ಕೊಟ್ಟಿದ್ದೇನೆ.

| ಉಷ್ಣತೆ (ಡಿಗ್ರಿ ಸೆಲ್ಸಿಯಸ್) | ಒತ್ತಡ (ಪಾಸ್ಕಲ್) | ತಳದಿಂದ ಎತ್ತರ (ಸೆಂ.ಮೀ.) |
|---|---|---|
| -40 | 12.8 | 0.3 |
| -20 | 103 | 3.0 |
| -10 | 260 | 4.2 |
| 0.01 | 611 | 5.4 |
| 20 | 2,340 | 7.1 |
| 40 | 7,380 | 8.6 |
| 60 | 19,900 | 9.9 |
| 80 | 47,400 | 11.0 |
| 100 | 1,01,300 | 12.0 |
| 120 | 1,98,700 | 12.9 |

ಮೈನಸ್ 40ರಿಂದ 0.01ರ ತನಕದ ಬಿಂದುಗಳನ್ನು ಕೈಯಲ್ಲೇ ನಯವಾಗಿ ಸೇರಿಸಿ. ಇದು ಮಂಜುಗಡ್ಡೆ–ಆವಿ ಗೆರೆ. 0.01ರಿಂದ ಬಲಕ್ಕೆ ಉಳಿದದ್ದನ್ನು ಸೇರಿಸಿ. ಇದು ನೀರು–ಆವಿ ಗೆರೆ. 0.01 ಡಿಗ್ರಿಯ ಬಿಂದುವೇ ತ್ರಿಬಿಂದು. ಅಲ್ಲಿಂದ ನೆಟ್ಟಗೆ ಮೇಲಕ್ಕೆ ಒಂದು ಗೆರೆ ಎಳೆಯಿರಿ. ಇದು ಮಂಜುಗಡ್ಡೆ–ನೀರು ಗೆರೆ.

ನೆಟ್ಟಗಾ? ಪುಸ್ತಕದಲ್ಲಿ ಅದು ಎಡಕ್ಕೆ ವಾಲಿದೆ ಅಲ್ವಾ? ಹೌದು, ನಿಜಕ್ಕೂ ವಾಲಿದೆ. ಮಂಜುಗಡ್ಡೆ ಕರಗಿ ನೀರಾದಾಗ ಜಾಗ ಕಡಿಮೆ ಸಾಕಾಗುತ್ತದೆ. ಹಾಗಾಗಿ ಒತ್ತಿದರೆ ಅದು ನೀರಿನ ಕಡೆಗೆ ಹೋಗುತ್ತದೆ, ಕರಗುವ ಉಷ್ಣತೆ ಇಳಿಯುತ್ತದೆ. ಆದರೆ ಎಷ್ಟು? ಒಂದು ವಾಯುಭಾರಕ್ಕೆ ಡಿಗ್ರಿಯ ನೂರರಲ್ಲಿ ಒಂದು ಪಾಲೂ ಇಲ್ಲ. ಮೈನಸ್ 10 ಡಿಗ್ರಿಯಲ್ಲಿ ಮಂಜುಗಡ್ಡೆಯನ್ನು ಒತ್ತಿಯೇ ಕರಗಿಸಬೇಕಾದರೆ ಸುಮಾರು 1,100 ವಾಯುಭಾರ ಬೇಕು. ನಮ್ಮ ಹಾಳೆ 10 ವಾಯುಭಾರಕ್ಕೇ ಮುಗಿಯಿತು. ಆದ್ದರಿಂದ ಇಲ್ಲಿ ನೆಟ್ಟಗೆ ಎಳೆದರೆ ತಪ್ಪಿಲ್ಲ. ಐಸ್ ಸ್ಕೇಟಿಂಗ್ ಮಾಡುವವರು ಜಾರುವುದು ಒತ್ತಡಕ್ಕೆ ಮಂಜುಗಡ್ಡೆ ಕರಗುವುದರಿಂದ ಎಂದು ಹಳೆಯ ಪುಸ್ತಕಗಳಲ್ಲಿ ಇರುತ್ತದೆ. ಈ ಗೆರೆ ಎಷ್ಟು ನೆಟ್ಟಗಿದೆ ಎಂದು ನೋಡಿದವರು ಅದನ್ನು ನಂಬುವುದು ಕಷ್ಟ.

ಮೂರು ಜಾಗಗಳಿಗೆ ಹೆಸರು ಹಾಕುವುದನ್ನು ಬಾಯಿಪಾಠ ಮಾಡಬೇಡಿ. ಗೊತ್ತಿರುವ ಒಂದು ಬಿಂದು ಹಿಡಿಯಿರಿ. 25 ಡಿಗ್ರಿ, ಒಂದು ವಾಯುಭಾರದಲ್ಲಿ ಬಾವಿಯ ನೀರು ನೀರಾಗಿಯೇ ಇದೆ. ಹಾಗಾದರೆ ಆ ಬಿಂದು ಇರುವ ಜಾಗ ನೀರಿನದ್ದು. ಅಲ್ಲಿಂದ ಎಡಕ್ಕೆ ಗೆರೆ ದಾಟಿದರೆ ಮಂಜುಗಡ್ಡೆ. ಕೆಳಗೆ ಗೆರೆ ದಾಟಿದರೆ ಆವಿ.

ಅಡ್ಡ ನಡೆಯಿರಿ

ಒತ್ತಡ ಬದಲಾಯಿಸದೆ ಬಿಸಿ ಮಾಡುವುದೆಂದರೆ ಎಡದಿಂದ ಬಲಕ್ಕೆ ಅಡ್ಡ ನಡೆಯುವುದು. 12 ಸೆಂಟಿಮೀಟರ್ ಎತ್ತರದಲ್ಲಿ ಸ್ಕೇಲ್ ಇಡಿ. ಫ್ರೀಜರಿನ ಮೈನಸ್ 18ರಲ್ಲಿ ಮಂಜುಗಡ್ಡೆ, 0ಯಲ್ಲಿ ಗೆರೆ ದಾಟುತ್ತೀರಿ, ನೀರು. 100ರಲ್ಲಿ ಇನ್ನೊಂದು ಗೆರೆ, ಆವಿ. ಇದು ಎಲ್ಲರಿಗೂ ಗೊತ್ತಿರುವ ನಡಿಗೆ.

ಗೆರೆಯ ಮೇಲೆ ನಿಂತಿರುವಷ್ಟು ಹೊತ್ತು ಎರಡೂ ರೂಪ ಜೊತೆಗೆ ಇರಬಹುದು. ಐಸ್ ಹಾಕಿದ ಮೀನಿನ ಪೆಟ್ಟಿಗೆಯಲ್ಲಿ ಐಸೂ ಇದೆ, ನೀರೂ ಇದೆ. ಬಿಂದು 0 ಡಿಗ್ರಿಯ ಗೆರೆ ಬಿಟ್ಟು ಕದಲುವುದಿಲ್ಲ. ಐಸ್ ಎಷ್ಟು ಉಳಿದಿದೆ, ಕರಗಲು ಇನ್ನೆಷ್ಟು ಹೊತ್ತು ಎಂದು ಈ ಚಿತ್ರ ಹೇಳುವುದಿಲ್ಲ. ಅದು ಶಾಖದ ಲೆಕ್ಕ, ಬೇರೆ.

ಈಗ ಸ್ಕೇಲನ್ನು ಸ್ವಲ್ಪ ಕೆಳಗೆ ಇಳಿಸಿ. ಮಡಿಕೇರಿ ಸಮುದ್ರಮಟ್ಟಕ್ಕಿಂತ ಸುಮಾರು 1,150 ಮೀಟರ್ ಮೇಲಿದೆ. ಗಾಳಿಯ ಒತ್ತಡ ಅಲ್ಲಿ ಸುಮಾರು 88,000 ಪಾಸ್ಕಲ್. ಹಾಳೆಯಲ್ಲಿ 11.8 ಸೆಂಟಿಮೀಟರ್. ಅಲ್ಲಿ ಅಡ್ಡ ನಡೆದರೆ ನೀರು–ಆವಿ ಗೆರೆ ಸಿಗುವುದು ಸುಮಾರು 96 ಡಿಗ್ರಿಗೆ. ಕುಚ್ಚಲಕ್ಕಿ ಬೇಯಿಸಲು ಕಾಸರಗೋಡಿಗಿಂತ ಜಾಸ್ತಿ ಹೊತ್ತು ಬೇಕಾಗುವುದು ಅದಕ್ಕೇ. ಮಂಜುಗಡ್ಡೆ–ನೀರು ಗೆರೆ ಮಾತ್ರ ಇದ್ದಲ್ಲೇ ಇದೆ. ಘಟ್ಟ ಹತ್ತಿದರೆ ಕುದಿಯುವ ಉಷ್ಣತೆ ಇಳಿಯುತ್ತದೆ, ಕರಗುವ ಉಷ್ಣತೆ ಇಳಿಯುವುದಿಲ್ಲ ಎಂಬುದು ಒಂದು ಗೆರೆ ವಾಲಿ, ಒಂದು ನೆಟ್ಟಗೆ ನಿಂತಿರುವುದರಿಂದಲೇ ಕಾಣುತ್ತದೆ.

ಕೆಳಗೆ ಇಳಿಯಿರಿ: ಸಿರಿಂಜಿನ ಪ್ರಯೋಗ

ಉಷ್ಣತೆ ಹಾಗೇ ಇಟ್ಟು ಒತ್ತಡ ಇಳಿಸುವುದೆಂದರೆ ನೆಟ್ಟಗೆ ಕೆಳಗೆ ಬರುವುದು. ಇದನ್ನು ಮನೆಯಲ್ಲೇ ಮಾಡಬಹುದು. ಮೆಡಿಕಲ್ ಅಂಗಡಿಯಿಂದ 10 ಎಂ.ಎಲ್. ಸಿರಿಂಜ್ ತನ್ನಿ, ಸೂಜಿ ಬೇಡ. ಸುಮಾರು 60 ಡಿಗ್ರಿಯ ನೀರು ಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಒಂದು ಲೋಟ ಕುದಿಯುವ ನೀರಿಗೆ ಮುಕ್ಕಾಲು ಲೋಟ ತಣ್ಣೀರು ಸೇರಿಸಿದರೆ ಹೆಚ್ಚುಕಡಿಮೆ 65ರ ಹತ್ತಿರ ಬರುತ್ತದೆ, ಸಿರಿಂಜಿಗೆ ಎಳೆಯುವಷ್ಟರಲ್ಲಿ 60ಕ್ಕೆ ಇಳಿದಿರುತ್ತದೆ. 60 ಡಿಗ್ರಿಯ ನೀರೂ ಕೈ ಸುಡುತ್ತದೆ, ಹಾಗಾಗಿ ಬಟ್ಟೆ ಹಿಡಿದುಕೊಳ್ಳಿ. ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ.

3 ಎಂ.ಎಲ್. ನೀರು ಎಳೆಯಿರಿ. ಮೂತಿ ಮೇಲೆ ಮಾಡಿ ಒಳಗಿನ ಗಾಳಿಯನ್ನೆಲ್ಲ ಹೊರಗೆ ಒತ್ತಿ. ಮೂತಿಯನ್ನು ರಬ್ಬರ್ ತುಂಡಿನಿಂದ ಗಟ್ಟಿಯಾಗಿ ಮುಚ್ಚಿ. ಈಗ ಪಿಸ್ಟನ್ ಎಳೆಯಿರಿ. ಒಂದೂವರೆ ಕಿಲೋ ಎತ್ತಿದಷ್ಟು ಬಲ ಬೇಕಾಗುತ್ತದೆ, ಹೊರಗಿನ ಗಾಳಿ ಒಳಕ್ಕೆ ಒತ್ತುವುದರಿಂದ. ನೀರಿನಲ್ಲಿ ಗುಳ್ಳೆ ಏಳುತ್ತದೆ. ಬೆಂಕಿ ಇಲ್ಲ, ಆದರೂ ಕುದಿಯುತ್ತಿದೆ.

ಹಾಳೆಯಲ್ಲಿ ನೋಡಿ. 60 ಡಿಗ್ರಿಯ ಗುರುತಿನಲ್ಲಿ 12 ಸೆಂಟಿಮೀಟರ್ ಎತ್ತರದಿಂದ ಕೆಳಗೆ ಬಂದರೆ 9.9ರಲ್ಲಿ ಗೆರೆ ಸಿಗುತ್ತದೆ. 19,900 ಪಾಸ್ಕಲ್, ಅಂದರೆ ವಾಯುಭಾರದ ಐದನೇ ಒಂದು. ಒತ್ತಡ ಅಷ್ಟಕ್ಕೆ ಇಳಿದ ಕೂಡಲೇ ಕುದಿತ ಶುರು.

ಇಲ್ಲಿ ಒಂದು ಅನುಮಾನ ಬರಬೇಕು. ಆ ಗುಳ್ಳೆ ಆವಿಯದ್ದೇ, ಅಥವಾ ನೀರಿನಲ್ಲಿ ಕರಗಿದ್ದ ಗಾಳಿಯದ್ದಾ? ಪಿಸ್ಟನ್ನನ್ನು ಮೆಲ್ಲನೆ ಬಿಡಿ. ಆವಿಯ ಗುಳ್ಳೆಗಳು ತಕ್ಷಣ ಮಾಯವಾಗುತ್ತವೆ, ಯಾಕೆಂದರೆ ಬಿಂದು ಮತ್ತೆ ಗೆರೆಯ ಮೇಲಕ್ಕೆ, ನೀರಿನ ಜಾಗಕ್ಕೆ ಹೋಯಿತು. ಗಾಳಿಯ ಗುಳ್ಳೆ ಚಿಕ್ಕದಾದರೂ ಉಳಿಯುತ್ತದೆ. ಸಾಮಾನ್ಯವಾಗಿ ಎರಡೂ ಇರುತ್ತವೆ. ದೊಡ್ಡ ಪಾಲು ಮಾಯವಾಗಿ ಒಂದು ಪುಟ್ಟ ಗುಳ್ಳೆ ಉಳಿದರೆ ನಿಮ್ಮ ಪ್ರಯೋಗ ಸರಿಯಾಗಿದೆ.

ಬಿಸಿ ನೀರೇ ಯಾಕೆ, ತಣ್ಣೀರು ಆಗುವುದಿಲ್ಲವೇ? ತತ್ವಕ್ಕೆ ಆಗುತ್ತದೆ. ಆದರೆ ಒಳಗೆ ಅರ್ಧ ಎಂ.ಎಲ್. ಗಾಳಿ ಉಳಿದಿದೆ ಎಂದುಕೊಳ್ಳಿ. ಅದನ್ನು 5 ಎಂ.ಎಲ್.ಗೆ ಹಿಗ್ಗಿಸಿದರೂ ಅದರ ಒತ್ತಡ ಹತ್ತನೇ ಒಂದಕ್ಕೆ ಇಳಿಯುತ್ತದೆ ಅಷ್ಟೆ, ಸುಮಾರು 10,000 ಪಾಸ್ಕಲ್. 60 ಡಿಗ್ರಿಯ ನೀರಿಗೆ 19,900ರ ಕೆಳಗೆ ಬಂದರೆ ಸಾಕು, ಕುದಿಯುತ್ತದೆ. 30 ಡಿಗ್ರಿಯ ನೀರು ಕುದಿಯಬೇಕಾದರೆ ಸುಮಾರು 4,250ಕ್ಕೆ ಇಳಿಯಬೇಕು. ಉಳಿದ ಆ ಸ್ವಲ್ಪ ಗಾಳಿಯೇ ಅಡ್ಡ ಬರುತ್ತದೆ. "ನಮ್ಮದು ಕುದಿಯಲಿಲ್ಲ" ಎಂದು ಹೇಳುವವರದ್ದು ಹೆಚ್ಚಾಗಿ ಇದೇ ಕಥೆ: ನೀರು ತಣಿದಿರುತ್ತದೆ, ಅಥವಾ ಗಾಳಿ ಪೂರ್ತಿ ಹೋಗಿರುವುದಿಲ್ಲ, ಅಥವಾ ಮೂತಿ ಸೋರುತ್ತದೆ.

ಹಾಗಾದರೆ ಬಟ್ಟೆ ಹೇಗೆ ಒಣಗುತ್ತದೆ?

ಸಿರಿಂಜಿನೊಳಗೆ ಗಾಳಿ ಇದ್ದಾಗ ಲೆಕ್ಕ ಕೆಟ್ಟಿತು ಎಂಬುದನ್ನು ಗಮನಿಸಿದಿರಾ? ಅಲ್ಲೇ ವಿಷಯ ಇರುವುದು. ಈ ಚಿತ್ರ ಬರೆದದ್ದು ಬರೀ ನೀರಿಗೆ. ಪಾತ್ರೆಯೊಳಗೆ ನೀರು ಬಿಟ್ಟರೆ ಬೇರೇನೂ ಇಲ್ಲ, ಗಾಳಿಯೂ ಇಲ್ಲ, ಮೇಲಿಂದ ಒಂದು ಪಿಸ್ಟನ್ ಒತ್ತುತ್ತಿದೆ. 27 ಡಿಗ್ರಿಯಲ್ಲಿ ಪಿಸ್ಟನ್ ಒಂದು ವಾಯುಭಾರದಲ್ಲಿ ಒತ್ತಿದರೆ ಒಳಗೆ ಒಂದು ಹನಿ ಆವಿಯೂ ಉಳಿಯುವುದಿಲ್ಲ. ಚಿತ್ರ ಹೇಳುವುದು ನಿಜ.

ಅಂಗಳದಲ್ಲಿ ಹಾಗಿಲ್ಲ. ಅಲ್ಲಿ ಒತ್ತುತ್ತಿರುವುದು ಹೆಚ್ಚುಕಡಿಮೆ ಪೂರ್ತಿ ಸಾರಜನಕ, ಆಮ್ಲಜನಕ. ನೀರಾವಿಯ ಪಾಲು ಅದರಲ್ಲಿ ಸ್ವಲ್ಪವೇ. ಆವಿಗೆ ಲೆಕ್ಕಕ್ಕೆ ಬರುವುದು ಅದರ ಸ್ವಂತ ಪಾಲಿನ ಒತ್ತಡ. ಹಾಗಾಗಿ ಚಿತ್ರಕ್ಕೆ ಬೆರಳಿಡುವ ಮೊದಲು ನಿಮ್ಮ ಪ್ರಶ್ನೆ ಯಾವುದು ಎಂದು ನೋಡಿಕೊಳ್ಳಿ. ನೀರಿನ ಒಳಗಿನಿಂದ ಗುಳ್ಳೆ ಏಳುತ್ತದಾ, ಅಂದರೆ ಕುದಿಯುತ್ತದಾ ಎಂಬ ಪ್ರಶ್ನೆಗೆ ನೀರಿನ ಮೇಲೆ ಬೀಳುವ ಒಟ್ಟು ಒತ್ತಡ ತೆಗೆದುಕೊಳ್ಳಿ. ಒಣಗುತ್ತದಾ, ಇಬ್ಬನಿ ಬೀಳುತ್ತದಾ, ಕಿಟಕಿಯ ಗಾಜು ಮಂಜಾಗುತ್ತದಾ ಎಂಬ ಪ್ರಶ್ನೆಗಳಿಗೆ ಆವಿಯ ಸ್ವಂತ ಒತ್ತಡ ಮಾತ್ರ ತೆಗೆದುಕೊಳ್ಳಿ.

ಆವಿಯ ಒತ್ತಡ ಎಲ್ಲಿ ಸಿಗುತ್ತದೆ? ಹವಾಮಾನದ ಆ್ಯಪಿನಲ್ಲಿ ಆರ್ದ್ರತೆ ಶೇಕಡಾದಲ್ಲಿ ಇರುತ್ತದೆ. ಆ ಉಷ್ಣತೆಗೆ ಗೆರೆ ಎಷ್ಟು ಎತ್ತರದಲ್ಲಿದೆಯೋ ಆ ಒತ್ತಡದ ಅಷ್ಟು ಶೇಕಡಾ ಎಂದು ಅದರ ಅರ್ಥ. ಗುಣಿಸಿದರೆ ಆಯಿತು.

ಆಟಿ ತಿಂಗಳ ಒಂದು ದಿನ ಹಿಡಿಯೋಣ. 27 ಡಿಗ್ರಿ, ಆರ್ದ್ರತೆ ಶೇಕಡಾ 90. 27 ಡಿಗ್ರಿಗೆ ಗೆರೆ ಇರುವುದು ಸುಮಾರು 3,570 ಪಾಸ್ಕಲ್‌ನಲ್ಲಿ. ಅದರ ಶೇಕಡಾ 90 ಎಂದರೆ 3,210. ಬಿಂದು ಗೆರೆಯ ಕೆಳಗಿದೆ, ಆವಿಯ ಜಾಗದಲ್ಲಿ. ಅಂದರೆ ಚಾವಡಿಯಲ್ಲಿ ನೇತುಹಾಕಿದ ಬಟ್ಟೆ ಒಣಗಲೇಬೇಕು. ಆದರೆ ಗೆರೆಗೂ ಬಿಂದುವಿಗೂ ಅಂತರ 360 ಪಾಸ್ಕಲ್ ಮಾತ್ರ. ಬಟ್ಟೆಯಿಂದ ಆವಿಯನ್ನು ಹೊರಗೆ ತಳ್ಳುವುದು ಈ ಅಂತರವೇ. ಮೂರು ದಿನವಾದರೂ ಮುಗ್ಗಲು ವಾಸನೆ ಬರುವುದು ಸುಮ್ನೆ ಅಲ್ಲ.

ಈಗ ಮಾರ್ಚ್ ತಿಂಗಳ ಮಧ್ಯಾಹ್ನ. 33 ಡಿಗ್ರಿ, ಆರ್ದ್ರತೆ ಶೇಕಡಾ 60. ಗೆರೆ 5,030ರಲ್ಲಿ, ಆವಿ 3,020ರಲ್ಲಿ. ಅಂತರ 2,010. ಆಟಿಗಿಂತ ಐದೂವರೆ ಪಟ್ಟು. ಗಮನಿಸಬೇಕಾದ್ದು ಇದು: ಗಾಳಿಯಲ್ಲಿರುವ ಆವಿಯ ಒತ್ತಡ ಎರಡೂ ದಿನ ಹೆಚ್ಚುಕಡಿಮೆ ಒಂದೇ. ಬದಲಾದದ್ದು ಗೆರೆಯ ಎತ್ತರ. ಬರೀ ಆರು ಡಿಗ್ರಿಗೆ ಅದು ಅಷ್ಟು ಮೇಲಕ್ಕೆ ಹೋಯಿತು.

ಮಳೆಗಾಲದಲ್ಲಿ ಬಟ್ಟೆಯನ್ನು ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಹಾಕುತ್ತಾರಲ್ಲ, ಅದನ್ನೂ ಲೆಕ್ಕ ಹಾಕಿ. ಆವಿ ಅದೇ 3,210 ಇರಲಿ, ಬಟ್ಟೆ 40 ಡಿಗ್ರಿಗೆ ಬಿಸಿಯಾಗಲಿ. ಗೆರೆ 7,380. ಅಂತರ 4,170, ಅಂದರೆ ಚಾವಡಿಯ ಹನ್ನೊಂದು ಪಟ್ಟಿಗೂ ಜಾಸ್ತಿ. ಒಂದು ಮಾತು ಮಾತ್ರ ಸೇರಿಸಬೇಕು. ಒಣಗುವ ಬಟ್ಟೆ ತಾನೇ ತಣ್ಣಗಾಗುತ್ತದೆ, ಆಗ ಅದರ ಪಾಲಿಗೆ ಗೆರೆ ಕೆಳಗಿಳಿಯುತ್ತದೆ. ಆದ್ದರಿಂದ ನಿಜವಾದ ವೇಗ ಈ ಅಂತರಕ್ಕೆ ಸರಿಸಮ ಇರುವುದಿಲ್ಲ. ಗಾಳಿ ಬೀಸುವುದೂ ಮುಖ್ಯ. ಚಿತ್ರ ದಿಕ್ಕು ಹೇಳುತ್ತದೆ, ಎಷ್ಟು ಗಂಟೆ ಎಂದು ಹೇಳುವುದಿಲ್ಲ.

ಕುಕ್ಕರಿನಲ್ಲೂ ಅದೇ ಪ್ರಶ್ನೆ

ಮನೆಯ ಪ್ರೆಶರ್ ಕುಕ್ಕರಿನ ವೆಯ್ಟ್ ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ 1 ಕಿಲೋ ಒತ್ತಡಕ್ಕೆ ಏಳುತ್ತದೆ. ಇದು ಹೊರಗಿನ ಗಾಳಿಯ ಮೇಲೆ ಹೆಚ್ಚುವರಿ. ಚಿತ್ರಕ್ಕೆ ಬೇಕಾದ್ದು ಪೂರ್ತಿ ಒತ್ತಡ. ಕೂಡಿಸಿದರೆ ಸುಮಾರು 1,99,000 ಪಾಸ್ಕಲ್. ಈ ಕೂಡಿಸುವುದನ್ನು ಮರೆತು 98,000ಕ್ಕೆ ಬೆರಳಿಟ್ಟರೆ ಕುಕ್ಕರಿನಲ್ಲಿ ನೀರು 99 ಡಿಗ್ರಿಗೆ ಕುದಿಯುತ್ತದೆ ಎಂಬ ತಮಾಷೆಯ ಉತ್ತರ ಬರುತ್ತದೆ. ಸರಿಯಾಗಿ ಓದಿದರೆ 120 ಡಿಗ್ರಿ.

ಆದರೆ ಆ 120 ಸಿಗಬೇಕಾದರೆ ಒಳಗಿರುವುದು ಬರೀ ಆವಿಯಾಗಿರಬೇಕು. ಆವಿ ಧಾರೆಯಾಗಿ ಬಂದ ಮೇಲೆ ವೆಯ್ಟ್ ಇಡಿ ಎಂದು ಕುಕ್ಕರಿನ ಪುಸ್ತಕದಲ್ಲಿ ಬರೆದಿರುವುದು ಒಳಗಿನ ಗಾಳಿ ಮೊದಲು ಹೊರಟುಹೋಗಲಿ ಎಂದು. ತಣ್ಣಗಿರುವಾಗಲೇ ವೆಯ್ಟ್ ಇಟ್ಟು, ಗಾಳಿ ಪೂರ್ತಿ ಒಳಗೇ ಉಳಿಯಿತು ಎಂದುಕೊಳ್ಳೋಣ. ಬಿಸಿಯಾದಾಗ ಆ ಗಾಳಿಯ ಪಾಲೇ ಸುಮಾರು 1,17,000 ಪಾಸ್ಕಲ್ ಆಗುತ್ತದೆ. ಆವಿಯ ಪಾಲಿಗೆ ಉಳಿಯುವುದು 82,000. ಅಷ್ಟು ಆವಿಗೆ ಗೆರೆಯ ಮೇಲೆ ಸಿಗುವ ಉಷ್ಣತೆ 94 ಡಿಗ್ರಿ. ಅಂದರೆ ಮೊದಲ ವಿಸಿಲ್ ಹೊಡೆಯುವಾಗ ಅಕ್ಕಿ ಇನ್ನೂ 94 ಡಿಗ್ರಿಯಲ್ಲೇ ಇರಬಹುದು. ವಿಸಿಲ್ ಹೊಡೆದಂತೆ ಗಾಳಿ ಸ್ವಲ್ಪ ಸ್ವಲ್ಪವೇ ಹೋಗಿ ಉಷ್ಣತೆ ಮೇಲೇರುತ್ತದೆ. ವಿಸಿಲ್ ಎಣಿಸಿ ಅಡಿಗೆ ಮಾಡುವವರಲ್ಲಿ ಒಬ್ಬರಿಗೆ ಮೂರು, ಇನ್ನೊಬ್ಬರಿಗೆ ಐದು ಬೇಕಾಗುವುದಕ್ಕೆ ಇದೂ ಒಂದು ಕಾರಣ.

ತ್ರಿಬಿಂದುವಿನ ಕೆಳಗೆ: ಊಟಿಯ ಹಿಮ

ಕಾಸರಗೋಡಿನಲ್ಲಿ ಕೂತವರಿಗೆ ಮಂಜುಗಡ್ಡೆ–ಆವಿ ಗೆರೆ ಫ್ರೀಜರಿನೊಳಗೆ ಮಾತ್ರ ಕೆಲಸಕ್ಕೆ ಬರುತ್ತದೆ. ಗುಂಡ್ಲುಪೇಟೆ, ಬಂಡೀಪುರ ದಾಟಿ ನೀಲಗಿರಿ ಹತ್ತಿದರೆ ಹಾಗಲ್ಲ. ಡಿಸೆಂಬರ್, ಜನವರಿಯಲ್ಲಿ ಆಕಾಶ ತಿಳಿಯಾಗಿದ್ದು ಗಾಳಿ ನಿಂತ ರಾತ್ರಿಗಳಲ್ಲಿ ಊಟಿಯ ತಗ್ಗುಗಳಲ್ಲಿ ಹುಲ್ಲಿನ ಮೇಲೆ ಬಿಳಿ ಹಿಮ ಕೂರುತ್ತದೆ. ಅದು ಇಬ್ಬನಿ ಬಿದ್ದು ಹೆಪ್ಪುಗಟ್ಟಿದ್ದಾ, ಅಥವಾ ಆವಿ ನೇರ ಮಂಜುಗಡ್ಡೆಯಾದದ್ದಾ? ನಮ್ಮ ಹಾಳೆಯೇ ಹೇಳುತ್ತದೆ.

ರಾತ್ರಿ ಹುಲ್ಲು ತಣಿಯುವುದೆಂದರೆ ಎಡಕ್ಕೆ ಅಡ್ಡ ನಡೆಯುವುದು. ಎತ್ತರ ಯಾವುದು? ಆವಿಯ ಸ್ವಂತ ಒತ್ತಡ. ಸಂಜೆ ಆವಿಯ ಒತ್ತಡ 800 ಪಾಸ್ಕಲ್ ಇದ್ದರೆ ಹಾಳೆಯಲ್ಲಿ ಎತ್ತರ 5.7 ಸೆಂಟಿಮೀಟರ್, ತ್ರಿಬಿಂದುವಿಗಿಂತ ಮೇಲೆ. ಎಡಕ್ಕೆ ಹೋಗುವಾಗ ಮೊದಲು ಸಿಗುವುದು ನೀರು–ಆವಿ ಗೆರೆ, ಸುಮಾರು 4 ಡಿಗ್ರಿಯಲ್ಲಿ. ಇಬ್ಬನಿ ಬೀಳುತ್ತದೆ. ಹುಲ್ಲು 0 ದಾಟಿ ಇನ್ನೂ ತಣಿದರೆ ಆ ಹನಿಗಳು ಹೆಪ್ಪುಗಟ್ಟಿ ಗಾಜಿನ ಮಣಿಗಳ ಹಾಗೆ ಕಾಣುತ್ತವೆ.

ಗಾಳಿ ಒಣಗಿದ್ದು ಆವಿ 500 ಪಾಸ್ಕಲ್ ಮಾತ್ರ ಇದ್ದರೆ ಎತ್ತರ 5.1, ತ್ರಿಬಿಂದುವಿನ ಕೆಳಗೆ. ಎಡಕ್ಕೆ ನಡೆದರೆ ನೀರಿನ ಜಾಗ ಎದುರಾಗುವುದೇ ಇಲ್ಲ. ಮೈನಸ್ 2.4ರ ಹತ್ತಿರ ನೇರ ಮಂಜುಗಡ್ಡೆ–ಆವಿ ಗೆರೆ ಸಿಗುತ್ತದೆ. ಆವಿ ಮಂಜುಗಡ್ಡೆಯ ಹರಳಾಗಿ ಹುಲ್ಲಿನ ಅಂಚಿನಲ್ಲಿ ಬೆಳೆಯುತ್ತದೆ. ಬಿಳಿ, ಗರಿಗರಿ, ಪುಡಿಯ ಹಾಗೆ. 611 ಪಾಸ್ಕಲ್ ಎಂಬ ಅಂಕಿಯ ಉಪಯೋಗ ಇಲ್ಲಿದೆ: ಅದರ ಮೇಲಿದ್ದರೆ ದಾರಿಯಲ್ಲಿ ನೀರು ಸಿಗುತ್ತದೆ, ಕೆಳಗಿದ್ದರೆ ಸಿಗುವುದಿಲ್ಲ. ಊಟಿಯ ಒಟ್ಟು ಗಾಳಿಯ ಒತ್ತಡ ಸುಮಾರು 77,000 ಪಾಸ್ಕಲ್. ಅದನ್ನು ಹಿಡಿದುಕೊಂಡು ಈ ಚಿತ್ರ ಓದಲು ಹೋದವರಿಗೆ ಹಿಮ ಹೇಗೆ ಕೂತಿತು ಎಂದು ಎಂದಿಗೂ ಗೊತ್ತಾಗುವುದಿಲ್ಲ.

ಚಿತ್ರ ಎಲ್ಲಿ ಕೈಕೊಡುತ್ತದೆ

ಎರಡು ಸಂದರ್ಭ ಹೇಳುತ್ತೇನೆ. ಒಂದು, ಉಪ್ಪು. ಮೀನಿನ ಐಸಿಗೆ ಉಪ್ಪು ಹಾಕಿದರೆ ಅದು 0ಗಿಂತ ಎಷ್ಟೋ ಕೆಳಗೆ ನೀರಾಗಿಯೇ ಇರುತ್ತದೆ. ಈ ಚಿತ್ರ ಶುದ್ಧ ನೀರಿನದ್ದು, ಉಪ್ಪು ಅಥವಾ ಸಕ್ಕರೆ ಸೇರಿದರೆ ಗೆರೆಗಳು ಜಾಗ ಬದಲಾಯಿಸುತ್ತವೆ. ಎರಡು, ಆತುರ. ಮಂಜುಗಡ್ಡೆಯ ಜಾಗಕ್ಕೆ ಬಂದ ಕೂಡಲೇ ನೀರು ಹೆಪ್ಪುಗಟ್ಟಲೇಬೇಕೆಂದಿಲ್ಲ. ಫ್ರೀಜರಿನಲ್ಲಿ ಅಲುಗಾಡದೆ ಇಟ್ಟ ಶುದ್ಧ ನೀರಿನ ಬಾಟಲಿ ಮೈನಸ್ 5ರಲ್ಲೂ ನೀರಾಗಿ ಉಳಿದು, ಕೈಯಲ್ಲಿ ಹಿಡಿದು ಕುಕ್ಕಿದಾಗ ಕಣ್ಣೆದುರೇ ಗಟ್ಟಿಯಾಗುವುದುಂಟು. ಚಿತ್ರ ಹೇಳುವುದು ಕೊನೆಗೆ ಯಾವ ರೂಪ ನಿಲ್ಲುತ್ತದೆ ಎಂದು. ಅಲ್ಲಿಗೆ ಯಾವಾಗ ತಲುಪುತ್ತದೆ ಎಂದಲ್ಲ.

ನಿಮಗೊಂದು ಲೆಕ್ಕ

ಹಲಸಿನ ಸೊಳೆಯನ್ನು ಫ್ರೀಜ್ ಡ್ರೈಯರಿನಲ್ಲಿ ಒಣಗಿಸುತ್ತಾರೆ. ಸೊಳೆಯನ್ನು ಮೈನಸ್ 30ಕ್ಕೆ ಹೆಪ್ಪುಗಟ್ಟಿಸಿ, ಪಂಪಿನಿಂದ ಗಾಳಿ ತೆಗೆದು, ಪೆಟ್ಟಿಗೆಯ ಒತ್ತಡವನ್ನು 50 ಪಾಸ್ಕಲ್‌ಗೆ ಇಳಿಸಿ, ಮೆಲ್ಲನೆ ಬಿಸಿ ಮಾಡುತ್ತಾರೆ. ಒಳಗೆ ಉಳಿದದ್ದು ಹೆಚ್ಚುಕಡಿಮೆ ಆವಿ ಮಾತ್ರ, ಹಾಗಾಗಿ ಇಲ್ಲಿ ಯಾರ ಒತ್ತಡ ಎಂಬ ಗೊಂದಲ ಇಲ್ಲ. ಸಕ್ಕರೆಯನ್ನು ಸದ್ಯಕ್ಕೆ ಮರೆತುಬಿಡಿ. ಯಾವ ಉಷ್ಣತೆಯಲ್ಲಿ ಏನಾಗುತ್ತದೆ? ನಡುವೆ ಪಂಪ್ ಸೋತು ಒತ್ತಡ 800ಕ್ಕೆ ಏರಿದರೆ?

50 ಪಾಸ್ಕಲ್ ಎಂದರೆ ಹಾಳೆಯಲ್ಲಿ 2.1 ಸೆಂಟಿಮೀಟರ್. ಬಲಕ್ಕೆ ನಡೆಯಿರಿ. ಮೈನಸ್ 27ರ ಹತ್ತಿರ ಮಂಜುಗಡ್ಡೆ–ಆವಿ ಗೆರೆ ಸಿಗುತ್ತದೆ. ಮಂಜುಗಡ್ಡೆ ಕರಗದೆ ನೇರ ಆವಿಯಾಗಿ ಹೋಗುತ್ತದೆ, ಸೊಳೆಯ ಆಕಾರ ಹಾಗೇ ಉಳಿಯುತ್ತದೆ. ಮಂಜುಗಡ್ಡೆ ಮುಗಿಯುವ ಮೊದಲೇ ಒತ್ತಡ 800ಕ್ಕೆ ಏರಿತು ಎನ್ನಿ. ಆ ಎತ್ತರದಲ್ಲಿ ಬಲಕ್ಕೆ ಹೋದರೆ 0 ಡಿಗ್ರಿಗೆ ಮಂಜುಗಡ್ಡೆ ಕರಗಿ ನೀರಾಗುತ್ತದೆ, ಸುಮಾರು 4 ಡಿಗ್ರಿಗೆ ಆ ನೀರು ಕುದಿಯುತ್ತದೆ. ತೆರೆದು ನೋಡಿದರೆ ಗರಿಗರಿ ಸೊಳೆಯ ಬದಲು ಕುಗ್ಗಿ ಅಂಟಂಟಾದ ಸೊಳೆ ಸಿಗುತ್ತದೆ.